ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸ್ವಯಂಚಾಲಿತ ಉತ್ತರಗಳು

ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬುದು ಸಣ್ಣ ವ್ಯಾಪಾರಿಗಳಿಗಾಗಿ 2018ರಲ್ಲಿ ಬಿಡುಗಡೆಯಾದ ಉಚಿತ ಆ್ಯಪ್. ಗ್ರಾಹಕರು ಮೊದಲ ಬಾರಿಗೆ, ಅಥವಾ 14 ದಿನಗಳ ಮೌನದ ನಂತರ ಬರೆದಾಗ ಇದರ ಸ್ವಾಗತ ಸಂದೇಶವು ತಾನಾಗಿಯೇ ಹೋಗುತ್ತದೆ. ಅಂಗಡಿ ಮುಚ್ಚಿರುವ ವೇಳೆಗೆಂದು ಗೈರುಹಾಜರಿ ಸಂದೇಶವನ್ನು ಪ್ರತ್ಯೇಕವಾಗಿ ಬರೆದಿಡಬಹುದು.

ಸ್ವಾಗತ ಸಂದೇಶದಲ್ಲಿ ಹಲವರು ‘ದರಪಟ್ಟಿಗೆ 1, ಆರ್ಡರ್‌ಗೆ 2 ಒತ್ತಿ’ ಎಂಬ ಮೆನು ಬರೆಯುತ್ತಾರೆ. ಆದರೆ ಈ ಸಂದೇಶವು ಬರಿಯ ಪಠ್ಯ. ಗ್ರಾಹಕರು ಕಳುಹಿಸಿದ ಅಂಕಿಯನ್ನು ಅದು ಓದಲಾರದು. 1 ಎಂದು ಕಳುಹಿಸಿದವರಿಗೆ ಅಂಗಡಿಯವರೇ ಉತ್ತರಿಸಬೇಕು. ಮೊದಲೇ ಉಳಿಸಿಟ್ಟ ‘ತ್ವರಿತ ಉತ್ತರ’ವನ್ನು / ಚಿಹ್ನೆ ಒತ್ತಿ ಆರಿಸಿದರೆ ಮತ್ತೆ ಟೈಪಿಸುವ ಶ್ರಮ ತಪ್ಪುತ್ತದೆ. ಅಂಕಿಗೆ ತಕ್ಕ ಉತ್ತರ ತಾನಾಗಿಯೇ ಹೋಗಬೇಕಾದರೆ ವಾಟ್ಸ್‌ಆ್ಯಪ್‌ನ ಬಿಸಿನೆಸ್ ಪ್ಲಾಟ್‌ಫಾರ್ಮ್‌ಗೆ ಚಾಟ್‌ಬಾಟ್ ತಂತ್ರಾಂಶವನ್ನು ಜೋಡಿಸುವುದು ರೂಢಿಯ ಮಾರ್ಗ.

ಗೈರುಹಾಜರಿ ಸಂದೇಶ ಹೋಗಲು ಫೋನಿಗೆ ಅಂತರಜಾಲ ಸಂಪರ್ಕವಿರಬೇಕು. ರಾತ್ರಿ 8ಕ್ಕೆ ಬಾಗಿಲು ಹಾಕಿ ಡೇಟಾ ಆರಿಸುವ ದರ್ಜಿಯೊಬ್ಬರ ಗ್ರಾಹಕರಿಗೆ, 9ಕ್ಕೆ ಬರೆದಾಗ, ಏನೂ ಬಾರದು. ಒಕ್ಕಣೆಯಲ್ಲೂ ಎಚ್ಚರ ಬೇಕು. ‘ನಿಮ್ಮ ಆರ್ಡರ್ ಸ್ವೀಕರಿಸಿದ್ದೇವೆ’ ಎಂದಿದ್ದರೆ ಗ್ರಾಹಕರು ಅದನ್ನೇ ಒಪ್ಪಿಗೆಯೆಂದು ತಿಳಿದು ಮರುದಿನ ಬಟ್ಟೆ ಒಯ್ಯಲು ಬರುತ್ತಾರೆ. ‘ಅಂಗಡಿ ಮುಚ್ಚಿದೆ. ಬೆಳಿಗ್ಗೆ 10ರ ನಂತರ ನೋಡಿ ಉತ್ತರಿಸುತ್ತೇವೆ. ಅಲ್ಲಿಯವರೆಗೆ ಆರ್ಡರ್ ಖಚಿತವಲ್ಲ’ ಎಂಬ ಒಕ್ಕಣೆ ಈ ಗೊಂದಲಕ್ಕೆ ಎಡೆಗೊಡುವುದಿಲ್ಲ.