ಮೂಲಾ ನಕ್ಷತ್ರ: ಕೆಲವು ಘಳಿಗೆಗಳ ಆತಂಕ ಬೆಳೆದ ಬಗೆ

ಮೂಲಾ ನಕ್ಷತ್ರದ ಜನನದ ಬಗೆಗಿನ ಅಳುಕು ಬಹಳ ಹಳೆಯದು. ಅಥರ್ವವೇದದ ಆರನೆಯ ಕಾಂಡದಲ್ಲಿ ಜ್ಯೇಷ್ಠಾ–ಮೂಲಾ ಸಂಧಿಯಲ್ಲಿ ಹುಟ್ಟಿದ ಮಗುವಿಗಾಗಿಯೇ ಒಂದು ಸೂಕ್ತವಿದೆ. ಮಗುವಿನಿಂದ ತಂದೆತಾಯಿಗೆ ಕೇಡಾಗದಿರಲಿ, ಮಗು ನೂರು ವರ್ಷ ಬಾಳಲಿ ಎಂಬುದೇ ಅದರ ಬೇಡಿಕೆ. ಆದರೆ 6ನೆಯ ಶತಮಾನದ ವರಾಹಮಿಹಿರ ನಕ್ಷತ್ರಫಲ ಹೇಳುವಾಗ ಮೂಲಾದಲ್ಲಿ ಹುಟ್ಟಿದವರನ್ನು ಅಭಿಮಾನಿ, ಧನವಂತ, ಸುಖಿ, ಹಿಂಸೆ ಮಾಡದವರು ಎಂದು ವರ್ಣಿಸುತ್ತಾನೆ. ಮೂಲಾದ ಹೆಣ್ಣು ಮಾವನಿಗೆ ಕೇಡು ಎಂದು ಜನ ಆಡುವ ಮಾತು ಅಲ್ಲಿ ಇಲ್ಲವೇ ಇಲ್ಲ.

ಈ ಅಳುಕಿನ ಹಿಂದಿರುವುದು ಗಂಡಾಂತ, ಅಂದರೆ ರಾಶಿಯೂ ನಕ್ಷತ್ರವೂ ಒಟ್ಟಿಗೆ ಮುಗಿಯುವ ಸಂಧಿ. ಆಶ್ಲೇಷಾ–ಮಘಾ, ಜ್ಯೇಷ್ಠಾ–ಮೂಲಾ, ರೇವತಿ–ಅಶ್ವಿನಿ ಎಂದು ಇಂಥವು ಮೂರೇ ಇವೆ. ಪರಾಶರ ಹೋರೆ ಇದರ ವ್ಯಾಪ್ತಿಯನ್ನು ಹಿಂದೆ 2, ಮುಂದೆ 2 ಘಳಿಗೆಗೆ ನಿಲ್ಲಿಸಿ, ಶಾಂತಿಯನ್ನೂ ಹೇಳುತ್ತದೆ. 1600ರ ಸುಮಾರಿಗೆ ಕಾಶಿಯಲ್ಲಿ ರಾಮ ದೈವಜ್ಞ ಬರೆದ ‘ಮುಹೂರ್ತ ಚಿಂತಾಮಣಿ’ಯಲ್ಲಿ ಜ್ಯೇಷ್ಠಾ–ಮೂಲಾ ಸಂಧಿಯ ಅಭುಕ್ತಮೂಲಕ್ಕೆ ಹಲವು ಅಳತೆಗಳಿವೆ. ನಾರದ ಮತದಲ್ಲಿ ಅದು 4 ಘಳಿಗೆ, ಬೃಹಸ್ಪತಿ ಮತದಲ್ಲಿ ಒಂದೇ. ಬೇರೆ ಕೆಲವರ ಮತದಲ್ಲಿ ಜ್ಯೇಷ್ಠಾದ ಕೊನೆಯ 5, ಮೂಲಾದ ಮೊದಲ 8. ಪಾದಗಳ ಫಲವೂ ಅಲ್ಲೇ ಇದೆ: ಮೊದಲನೆಯದು ತಂದೆಗೆ, ಎರಡನೆಯದು ತಾಯಿಗೆ, ಮೂರನೆಯದು ಧನಕ್ಕೆ ತೊಂದರೆ, ನಾಲ್ಕನೆಯದು ಶುಭ. ಶಾಂತಿ ಮಾಡಿದರೆ ಎಲ್ಲ ಪಾದಗಳೂ ಒಳ್ಳೆಯವೇ.

ಒಂದು ಉದಾಹರಣೆ ನೋಡೋಣ. ಬೆಳಗ್ಗೆ 10ಕ್ಕೆ ಮೂಲಾ ಹತ್ತಿತು, ರಾತ್ರಿ 8ಕ್ಕೆ ಮಗು ಹುಟ್ಟಿತು ಎನ್ನಿ. ಒಂದು ಘಳಿಗೆಗೆ 24 ನಿಮಿಷದಂತೆ 25 ಘಳಿಗೆ ಕಳೆದಿದೆ. ಗಂಡಾಂತ 10.48ಕ್ಕೇ ಮುಗಿಯಿತು, ಅತಿ ಉದ್ದದ ಎಂಟು ಘಳಿಗೆಯ ಲೆಕ್ಕವೂ ಮಧ್ಯಾಹ್ನ 1.12ಕ್ಕೆ ಮುಗಿಯಿತು. ನಕ್ಷತ್ರವನ್ನು ಸುಮಾರು 60 ಘಳಿಗೆ ಎಂದುಕೊಂಡರೆ ಮಗುವಿನದು ಎರಡನೆಯ ಪಾದ. ಸಂಪ್ರದಾಯಸ್ಥರು ಮೂಲಾ ಶಾಂತಿ ಮಾಡಿಸಿದರೆ ವಿಧಿ ಅಲ್ಲಿಗೆ ಪೂರ್ಣ. ಜನನ ಸಂಧಿಯ ಹತ್ತಿರವೇ ಇದ್ದರೆ ಎಚ್ಚರ ಬೇಕು: ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಹೊತ್ತು ಒಮ್ಮೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸವಾಗುತ್ತದೆ. ಒಂದರಲ್ಲಿರುವ ದೋಷ ಇನ್ನೊಂದರಲ್ಲಿ ಇರದೆ ಹೋಗಬಹುದು.

ಹೀಗೆ ಘಳಿಗೆ, ಪಾದಗಳ ಅಳತೆಯಿದ್ದ ಎಚ್ಚರಿಕೆ ಜನರ ಬಾಯಲ್ಲಿ ಇಡೀ ದಿನದ ಶಾಪವಾಯಿತು, ಅದೂ ಹೆಣ್ಣುಮಕ್ಕಳ ಪಾಲಿಗೆ. ಮಾವನಿಗೆ ಕೇಡೆಂಬ ಮಾತು ಮುಹೂರ್ತ ಚಿಂತಾಮಣಿಯಲ್ಲಿ ಇರುವುದು ನಿಜ. ಆದರೆ ಅದು ಗಂಡು ಹೆಣ್ಣು ಇಬ್ಬರಿಗೂ ಹೇಳಿದ್ದು, ಕೊನೆಯ ಪಾದಕ್ಕೆ ವಿನಾಯಿತಿಯೂ ಉಂಟು. ನಾವು ವರನ ಮೂಲಾವನ್ನು ಕೇಳದೆ ವಧುವಿನದನ್ನು ಮಾತ್ರ ಕೇಳುತ್ತೇವೆ. ಚಂದ್ರ 27 ನಕ್ಷತ್ರಗಳನ್ನು ಸುತ್ತುವುದರಿಂದ ಸುಮಾರು 27 ಜನರಲ್ಲಿ ಒಬ್ಬರದು ಮೂಲಾ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹಿಸುವುದೂ ಇದೇ ನಕ್ಷತ್ರದಲ್ಲಿ.

ಶಾಸ್ತ್ರವನ್ನು ನಂಬುವವರು ಶಾಸ್ತ್ರದ ಅಳತೆಯಷ್ಟೇ ಚಿಂತಿಸಲಿ: ಘಳಿಗೆ ನೋಡಲಿ, ಪಾದ ನೋಡಲಿ, ಬೇಕಿದ್ದರೆ ಶಾಂತಿ ಮಾಡಿಸಲಿ. ಮೂಲಾ ಎಂಬ ಹೆಸರೊಂದಕ್ಕೇ ಸಂಬಂಧವನ್ನು ತಳ್ಳಿಹಾಕಲು ಆ ಗ್ರಂಥಗಳ ಆಧಾರ ಸಾಲದು.