ಅಕ್ಷರಿಯೂ ಅಂಕಿಯೂ: ಗಡಿನಾಡಿನ ಹಳೆಯ ಲೆಕ್ಕಪತ್ರಗಳ ವಾಚನ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ಹಳೆಯ ಕಾಗದಪತ್ರಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಸಂಗತಿಯು ಕೂಡಲೆ ಕಣ್ಣಿಗೆ ಬೀಳುವದು. ಹಣದ ಮೊತ್ತವನ್ನು ಬರೆಯುವಾಗ ಬರೆದವನು ಅಂಕಿಯೊಂದನ್ನೇ ನಂಬಿ ಸುಮ್ಮನಾಗಿಲ್ಲ. ಅದರ ಮಗ್ಗುಲಲ್ಲಿ ‘ಅಕ್ಷರಿ’ ಎಂದು ಹೇಳಿ ಅದೇ ಮೊತ್ತವನ್ನು ಮಾತಿನಲ್ಲಿಯೂ ಬರೆದಿರುವನು. ಇದು ಅಲಂಕಾರಕ್ಕಾಗಿ ಬಂದ ರೂಢಿಯಲ್ಲ. ಅಂಕಿಯ ಮುಂದೆ ಒಂದು ಸೊನ್ನೆಯನ್ನು ಸೇರಿಸುವದಕ್ಕೆ ಒಂದು ಗಳಿಗೆಯೂ ಬೇಡ. ‘ಐವತ್ತು’ ಎಂಬುದನ್ನು ‘ಐನೂರು’ ಎಂದು ತಿದ್ದಿದರೆ ಮಸಿಯೇ ಅದನ್ನು ಹೇಳಿಬಿಡುವದು. ೧೮೭೫ರಲ್ಲಿ ಪುಣೆ, ಅಹಮದನಗರಗಳ ಕಡೆಗೆ ರೈತರು ದಂಗೆಯೆದ್ದು ಸಾವುಕಾರರ ಮನೆಗಳಿಂದ ಸಾಲಪತ್ರಗಳನ್ನೇ ಎಳೆದು ತಂದು ಸುಟ್ಟರೆಂಬುದನ್ನು ನೆನೆದರೆ, ಓದು ಬಾರದ ಒಕ್ಕಲಿಗನಿಗೆ ಪತ್ರದ ಮೇಲಿನ ಮೊತ್ತವು ಎಂಥ ಭಾರವಾಗಿದ್ದಿತೆಂಬುದು ತಿಳಿಯುವದು. ೧೮೮೧ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ೧೮ನೆಯ ಕಲಮು, ಪ್ರಾಮಿಸರಿ ನೋಟು, ಚೆಕ್ಕು ಮೊದಲಾದವುಗಳಲ್ಲಿ ಅಂಕಿಗೂ ಅಕ್ಷರಿಗೂ ಭೇದವಿದ್ದರೆ ಅಕ್ಷರಿಯ ಮೊತ್ತವನ್ನೇ ಹಿಡಿಯಬೇಕೆಂದು ವಿಧಿಸಿರುವದು.

ಹೀಗಿದ್ದರೂ ಅಕ್ಷರಿಯನ್ನು ಓದುವದು ಸುಲಭವಲ್ಲ. ರಾಯಬಾಗವು ೧೯೪೯ರ ವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿದ್ದಿತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ಆದಕಾರಣ ಇಲ್ಲಿಯ ಕನ್ನಡ ಬರಹದೊಡನೆ ಮೋಡಿ, ಬಾಲಬೋಧ ಬರಹಗಳೂ, ಕನ್ನಡ ಮಾತಿನೊಡನೆ ಮರಾಠಿಯ ಎಣಿಕೆಯೂ ಬೆರೆತು ಬಂದಿವೆ. ಒಂದೇ ಪುಟದಲ್ಲಿ ಬಾಲಬೋಧದ ಅಂಕಿಗಳೂ ಇಂಗ್ಲಿಷ್ ಅಂಕಿಗಳೂ ಇದ್ದರೆ, ಬಾಲಬೋಧದ ಒಂದನ್ನು ಇಂಗ್ಲಿಷಿನ ಒಂಬತ್ತೆಂದು ಓದುವ ಭಯವುಂಟು.

ಅಕ್ಷರಿಯನ್ನು ಅಂಕಿಗೆ ಇಳಿಸುವ ಸೂತ್ರವು ಚಿಕ್ಕದು. ಲಕ್ಷ, ಸಾವಿರ, ನೂರು ಇವು ಸ್ಥಾನವನ್ನು ಹೇಳುವ ಮಾತುಗಳು. ಅವುಗಳ ಹಿಂದೆ ಬಂದದ್ದು ಗುಣಿಸತಕ್ಕದ್ದು, ಮುಂದೆ ಬಂದದ್ದು ಕೂಡಿಸತಕ್ಕದ್ದು. ‘ಎರಡು ಸಾವಿರದ ಮುನ್ನೂರಾ ಎಪ್ಪತ್ತೈದು’ ಎಂದರೆ ಎರಡನ್ನು ಸಾವಿರದಿಂದ ಗುಣಿಸಿ ಅದಕ್ಕೆ ಮುನ್ನೂರನ್ನೂ ಎಪ್ಪತ್ತೈದನ್ನೂ ಕೂಡಿಸಬೇಕು. ಆಗ ೨೩೭೫ ಬರುವದು. ಇಲ್ಲಿ ಕನ್ನಡದ ಪ್ರತ್ಯಯವು ಓದುವವನಿಗೆ ದೊಡ್ಡ ಸಹಾಯ ಮಾಡುವದು. ‘ಸಾವಿರ’ ಎಂದು ನಿಂತರೆ ಸಂಖ್ಯೆಯು ಅಲ್ಲಿಗೇ ಮುಗಿಯಿತು; ‘ಸಾವಿರದ’ ಎಂದಿದ್ದರೆ ಮುಂದೆ ಏನೋ ಇದೆ. ಅದರಂತೆಯೆ ‘ಮುನ್ನೂರು’ ಮುಗಿದ ಸಂಖ್ಯೆ. ‘ಮುನ್ನೂರಾ’ ಮುಗಿಯದ ಸಂಖ್ಯೆ. ಕಾಗದವನ್ನು ಗೆದ್ದಲು ತಿಂದು ‘ಮುನ್ನೂರಾ’ ಎಂಬಲ್ಲಿಗೆ ತುಂಡಾಗಿದ್ದರೆ ಅದನ್ನು ೩೦೦ ಎಂದು ಬರೆಯಲಾಗದು; ಮುಂದಿನ ಮಾತು ಹೋಗಿದೆಯೆಂದೇ ಬರೆಯಬೇಕು.

ಈ ಸೀಮೆಯ ‘ದೀಡ’, ‘ಅಡೀಚ’ ಎಂಬ ಮಾತುಗಳೂ ಇದೇ ಸೂತ್ರಕ್ಕೆ ಒಳಗಾದವು. ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ. ದೀಡನೂರು ಎಂದರೆ ೧೫೦, ಅಡೀಚ ಸಾವಿರ ಎಂದರೆ ೨೫೦೦. ಆದರೆ ‘ನೂರಾ ಒಂದೂವರೆ’ ಎಂದಿದ್ದರೆ ಅದು ನೂರಾ ಒಂದು ರೂಪಾಯಿ ಎಂಟು ಆಣೆ. ಮಾತು ನೂರರ ಹಿಂದಿದೆಯೋ ಮುಂದಿದೆಯೋ ಎಂಬುದನ್ನು ನೋಡದೆ ಓದಿದವನು ನಲವತ್ತೆಂಟೂವರೆ ರೂಪಾಯಿಗಳ ತಪ್ಪನ್ನು ಮಾಡುವನು.

ಆಣೆಯ ಬರಹಕ್ಕೆ ಬೇರೆ ಗುರುತುಗಳಿದ್ದವು. ರೂಪಾಯಿಯ ಅಂಕಿಯ ಮುಂದೆ ಒಂದು ನಿಲುಗೆರೆಯಿದ್ದರೆ ನಾಲ್ಕಾಣೆ, ಎರಡಿದ್ದರೆ ಎಂಟಾಣೆ, ಮೂರಿದ್ದರೆ ಹನ್ನೆರಡಾಣೆ, ಅಡ್ಡಗೆರೆಯೊಂದಕ್ಕೆ ಒಂದಾಣೆ. ಈ ಗೆರೆಗಳನ್ನು ಒಂದು, ಹನ್ನೊಂದು ಎಂದು ಅಂಕಿಗಳಂತೆ ಓದಿ ರೂಪಾಯಿಗೆ ಜೋಡಿಸಿದರೆ ಮೊತ್ತವು ಹತ್ತುಮಡಿ ನೂರುಮಡಿಯಾಗಿ ಬೆಳೆಯುವದು. ೧೯೫೭ರ ಎಪ್ರಿಲ್ ೧ರಂದು ದಶಮಾನ ನಾಣ್ಯವು ಬಂದ ಮೇಲೆ ಕಲಿತವರು ಹತ್ತಾಣೆಯನ್ನು ಹತ್ತು ಪೈಸೆಯಂತೆ ಬರೆಯುವದೂ ಉಂಟು. ರೂಪಾಯಿಗೆ ೧೬ ಆಣೆಯಾದ್ದರಿಂದ ಹತ್ತಾಣೆಯು ಅರುವತ್ತೆರಡೂವರೆ ಪೈಸೆಗೆ ಸಮನು. ಆದುದರಿಂದ ನಕಲು ಮಾಡುವಾಗ ರೂಪಾಯಿ, ಆಣೆ, ಪೈಗಳನ್ನು ಬೇರೆ ಬೇರೆ ಅಂಕಣಗಳಲ್ಲಿಡುವದೇ ಕ್ಷೇಮ.

ಇನ್ನು ಒಂದು ಪುಟವನ್ನು ಕಲ್ಪಿಸಿಕೊಂಡು ಪರೀಕ್ಷಿಸೋಣ. ಕಾಣಿಕೆಯ ಪಟ್ಟಿಯಲ್ಲಿ ನಾಲ್ಕು ಸಾಲುಗಳಿವೆಯೆನ್ನಿರಿ. ಮೊದಲನೆಯದು ‘ನೂರಾ ಇಪ್ಪತ್ತೈದು’, ಅಂಕಿ ೧೨೫. ಎರಡನೆಯದು ‘ದೀಡನೂರು’, ಅಂಕಿ ೧೫೦. ಮೂರನೆಯದು ‘ಮುನ್ನೂರಾ ಐದು’, ಅಂಕಿ ೩೫೦. ನಾಲ್ಕನೆಯದು ‘ಎಪ್ಪತ್ತೆರಡು ರೂಪಾಯಿ ಹತ್ತು ಆಣೆ’, ಅಂಕಿ ೭೨, ಮುಂದೆ ಎರಡು ನಿಲುಗೆರೆ, ಎರಡು ಅಡ್ಡಗೆರೆ. ಕೆಳಗೆ ಏಕೂಣ ೬೫೨ ರೂಪಾಯಿ ಹತ್ತಾಣೆ.

ಓದುವವನು ಮೊದಲು ಅಂಕಿಯನ್ನು ಕೈಯಿಂದ ಮುಚ್ಚಿ ಅಕ್ಷರಿಯನ್ನೇ ಓದಿ ಬರೆದುಕೊಳ್ಳಬೇಕು. ಅಂಕಿಯು ಕಣ್ಣಿಗೆ ಬಿದ್ದಿದ್ದರೆ ಮನಸ್ಸು ಅಕ್ಷರಿಯನ್ನು ಅದಕ್ಕೆ ಒಪ್ಪುವಂತೆಯೇ ಓದುವದು. ಆಮೇಲೆ ಅಂಕಿಯೊಡನೆ ಹೋಲಿಸಲು ಮೂರನೆಯ ಸಾಲಿನಲ್ಲಿ ಭೇದವು ತೋರುವದು: ಅಕ್ಷರಿ ೩೦೫, ಅಂಕಿ ೩೫೦, ಅಂತರ ೪೫. ಈ ಅಂತರವು ಒಂಬತ್ತರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವದು. ಅಂಕಿಗಳು ಅದಲುಬದಲಾದಾಗಲೂ ಸೊನ್ನೆಯು ಹೆಚ್ಚಾಗಿಯೋ ಕಡಿಮೆಯಾಗಿಯೋ ಬಿದ್ದಾಗಲೂ ಅಂತರವು ಸಾಮಾನ್ಯವಾಗಿ ಹೀಗೆಯೇ ಬರುವದು. ‘ನೂರಾ ಐದು’ ಎಂಬುದನ್ನು ಕಿವಿಗೆ ಕೇಳಿದಂತೆ ನೂರು ಬರೆದು ಐದು ಸೇರಿಸಿ ೧೦೦೫ ಎಂದು ಮಾಡಿದವನ ಅಂತರ ೯೦೦. ಅದೂ ಒಂಬತ್ತರ ಗುಣಿತವೆ. ಆದರೆ ಅಂತರವು ಬರಿಯ ಹತ್ತು ಅಥವಾ ನೂರು ಆಗಿದ್ದರೆ ಬೇರೆ ಸಂಶಯವನ್ನು ಪಡಬೇಕು. ಎಪ್ಪತ್ತು–ಎಂಬತ್ತು, ಐವತ್ತು–ಅರುವತ್ತು, ಇನ್ನೂರು–ಮುನ್ನೂರು ಇವು ಮಾಸಿದ ಬರಹದಲ್ಲಿ ಒಂದಕ್ಕೊಂದು ಹೋಲುವವು. ಆಗ ತಪ್ಪು ಬರೆದವನದಾಗಿರದೆ ಓದಿದವನದೇ ಆಗಿರಬಹುದು. ಒಂಬತ್ತು–ತೊಂಬತ್ತುಗಳ ಅಂತರ ೮೧. ಅದು ಒಂಬತ್ತರ ಗುಣಿತವಾಗಿದ್ದರೂ ಓದಿನ ತಪ್ಪಾಗಿರಬಲ್ಲದು. ಆದುದರಿಂದ ಈ ಪರೀಕ್ಷೆಯು ದಾರಿ ತೋರಿಸುವದೇ ಹೊರತು ತೀರ್ಪು ಹೇಳಲಾರದು.

ತೀರ್ಪಿಗಾಗಿ ಮೂರನೆಯ ಸಾಕ್ಷಿ ಬೇಕು. ಅಕ್ಷರಿಯಂತೆ ಕೂಡಿಸಿದರೆ ೧೨೫, ೧೫೦, ೩೦೫, ೭೨ ಸೇರಿ ೬೫೨. ಅಂಕಿಯಂತೆ ಕೂಡಿಸಿದರೆ ೬೯೭. ಏಕೂಣವು ಅಕ್ಷರಿಯ ಪಕ್ಷದಲ್ಲಿರುವದರಿಂದ ಇಲ್ಲಿ ಅಂಕಿಯೇ ಜಾರಿದೆಯೆಂದು ಹೇಳಬಹುದು. ಒಂದು ವೇಳೆ ಏಕೂಣವು ೬೯೭ ಆಗಿದ್ದರೆ ಅಂಕಿಯು ನಿಜವೆಂದು ಸಿದ್ಧವಾಗುತ್ತಿರಲಿಲ್ಲ. ಬರೆದವನು ಅಂಕಿಗಳನ್ನೇ ಕೂಡಿಸಿದನೆಂಬಷ್ಟೇ ತಿಳಿಯುತ್ತಿದ್ದಿತು. ಆಗ ಪಾವತಿಯನ್ನು, ಅಥವಾ ಮುಂದಿನ ಪುಟದ ಆರಂಭದ ಶಿಲ್ಕನ್ನು ನೋಡಬೇಕು. ಕೈಯಲ್ಲಿದ್ದ ಹಣವನ್ನು ಎಣಿಸಿ ಬರೆದ ಶಿಲ್ಕು ಮಾತ್ರ ಎರಡು ಬರಹಗಳಿಗೂ ಹೊರಗಿನ ಸಾಕ್ಷಿಯು.

ಇಷ್ಟಾದ ಮೇಲೂ ಮೂಲವನ್ನು ತಿದ್ದತಕ್ಕದ್ದಲ್ಲ. ನಕಲಿನಲ್ಲಿ ಅಕ್ಷರಿಯನ್ನು ಇದ್ದಂತೆಯೇ ಒಂದು ಅಂಕಣದಲ್ಲಿ, ಅದರಿಂದ ಬಂದ ಸಂಖ್ಯೆಯನ್ನು ಎರಡನೆಯದರಲ್ಲಿ, ಮೂಲದ ಅಂಕಿಯನ್ನು ಮೂರನೆಯದರಲ್ಲಿ ಬರೆದು, ಭೇದವಿದ್ದಲ್ಲಿ ಗುರುತು ಮಾಡಿ ಅಂತರವನ್ನು ನಮೂದಿಸಬೇಕು. ಓದಲು ಬಾರದ ಮಾತಿನ ಸ್ಥಾನವನ್ನು ಬರಿದಾಗಿಯೇ ಬಿಡಬೇಕು. ಅಂಕಿಯನ್ನು ನೋಡಿ ಅದನ್ನು ತುಂಬಿದರೆ, ಎರಡು ಸಾಕ್ಷಿಗಳಿದ್ದಲ್ಲಿ ಒಂದೇ ಸಾಕ್ಷಿಯನ್ನು ಎರಡು ಸಲ ಬರೆದಂತಾಗುವದು.