ಅಪಘಾತದ ಬಳಿಕ ಮಕ್ಕಳಿಗೆ ಆಘಾತ ಕೇಂದ್ರಿತ ಚಿಕಿತ್ಸೆ

ಅಪಘಾತದ ನಂತರ ಬೆಚ್ಚಿಬೀಳುವುದು, ನಿದ್ರೆಗೆಡುವುದು ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ತಿಂಗಳು ಕಳೆದರೂ ನಿಲ್ಲದಿದ್ದರೆ ಆಘಾತ ಕೇಂದ್ರಿತ ಚಿಕಿತ್ಸೆಯನ್ನು ಪರಿಗಣಿಸಬೇಕು. ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿಗಳು. ಪ್ರತಿ ಭೇಟಿಯ ಸುಮಾರು ಅರ್ಧ ಸಮಯ ಪೋಷಕರಿಗೇ ಮೀಸಲು.

ಆಟೋ ಮಗುಚಿ ಪಾರಾದ ಹತ್ತು ವರ್ಷದ ಬಾಲಕಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮೊದಲ ನಾಲ್ಕೈದು ಭೇಟಿಗಳಲ್ಲಿ ಅಪಘಾತದ ವಿವರ ಕೆದಕುವುದಿಲ್ಲ. ನಿಧಾನವಾಗಿ ಉಸಿರಾಡುವುದನ್ನು, ಭಯಕ್ಕೆ 0ರಿಂದ 10ರವರೆಗೆ ಅಂಕ ನೀಡುವುದನ್ನು ಕಲಿಸುತ್ತಾರೆ. ಅನಂತರ ಕಥನ: ಬೆಳಗ್ಗೆ ಮನೆ ಬಿಟ್ಟದ್ದು ಮೊದಲು, ಆಟೋ ಹತ್ತಿದ್ದು ಮುಂದಿನ ವಾರ, ಮಗುಚಿದ ಗಳಿಗೆ ಅದರಾಚೆಗೆ. ಅಂಕ 8 ಮುಟ್ಟಿದರೆ ನಿಲ್ಲಿಸಿ ಉಸಿರಾಟಕ್ಕೆ ಮರಳುತ್ತಾರೆ. ಭೇಟಿಯ ಬಳಿಕ ಒಂದೆರಡು ರಾತ್ರಿ ನಿದ್ರೆ ಕೆಡುವುದುಂಟು; ವಾರವಿಡೀ ಕೆಟ್ಟರೆ ವೇಗ ಹೆಚ್ಚಾಗಿದೆಯೆಂದು ಚಿಕಿತ್ಸಕರಿಗೆ ತಿಳಿಸಬೇಕು. ಅಳುತ್ತಾಳೆಂದು ಕಥನವನ್ನೇ ಮುಂದೂಡುತ್ತ ಹೋದರೂ ಭಯ ಉಳಿದುಬಿಡುತ್ತದೆ.

ಮಗಳು ಹೇಳಿದ್ದನ್ನು ತಾಯಿ ಮೊದಲು ಚಿಕಿತ್ಸಕರಿಂದ ಪ್ರತ್ಯೇಕವಾಗಿ ಕೇಳುತ್ತಾರೆ. ಇದು ಮಗಳಿಗೂ ಗೊತ್ತಿರುತ್ತದೆ. ಏಕೆಂದರೆ ತಾಯಿ ಎದುರಿಗೇ ಕುಸಿದರೆ ಮಗು ಮುಂದಿನದನ್ನು ಮುಚ್ಚಿಡುತ್ತದೆ. ತಾಯಿ ಸಿದ್ಧರಾದ ಮೇಲಷ್ಟೇ ಮಗಳು ಅವರೆದುರು ಓದುತ್ತಾಳೆ. “ನಾನು ಹಠ ಮಾಡಿ ಆಟೋ ಹತ್ತಿಸಿದ್ದಕ್ಕೇ ಹೀಗಾಯಿತು” ಎಂಬಂಥ ಅಪರಾಧಭಾವ ಹೊರಬಂದರೆ, ಅದನ್ನು ಸರಿಪಡಿಸಲು ತಾಯಿಯ ಮಾತಿಗಿರುವ ಬಲ ಬೇರೆಯವರ ಮಾತಿಗಿಲ್ಲ.

ನಮ್ಮ ಗಡಿಭಾಗದಲ್ಲಿ ಚಿಕಿತ್ಸಕರಿಗೆ ಕನ್ನಡ ಬಾರದಿರಬಹುದು. ಕಥನ ಮಾತ್ರ ಮಗುವಿಗೆ ಸಲೀಸಾದ ಭಾಷೆಯಲ್ಲೇ ನಡೆಯಬೇಕೆಂದು ನಾವು ಒತ್ತಾಯಿಸುತ್ತೇವೆ. ಆದರೆ ತಾಯಿಯನ್ನೇ ದುಭಾಷಿಯಾಗಿಸಬಾರದು; ಹಾಗಾದರೆ ಅವರು ಸಿದ್ಧರಾಗುವ ಮೊದಲೇ ಎಲ್ಲವನ್ನೂ ಕೇಳಬೇಕಾಗುತ್ತದೆ.